50 ಕಿಲೋಗೆ ಮೊದಲು 4 ಕಿಲೋ

ಹೋಟೆಲು ಕೆಲಸ ಬಿಟ್ಟ ನಮ್ಮ ನಾಲ್ವರು ಬಂಧುಗಳು ತಿರುವಲ್ಲಿಕ್ಕೇಣಿಯ ಓಣಿಯೊಂದರಲ್ಲಿ ಕರಿದ ತಿಂಡಿಯ ಸಣ್ಣ ಅಂಗಡಿ ನಡೆಸುತ್ತಿದ್ದಾರೆ. ಚೀಟಿ ಎತ್ತಿದ ಹಣವೇ ಅದರ ಬಂಡವಾಳ. ಚಕ್ಕುಲಿ, ಖಾರಗಳ ಜೊತೆಗೆ ಕೋಡುಬಳೆಯನ್ನೂ ಇಡಬೇಕೆಂದು ಅವರಿಗೆ ಮನಸ್ಸಾಯಿತು. 50 ಕಿಲೋ ಒಮ್ಮೆಗೇ ಕರಿಸಿದರೆ ಖರ್ಚು ಕಡಿಮೆ, ಕರಿದುಕೊಡುವವರೂ ಸಿಕ್ಕಿದ್ದಾರೆ ಎಂದು ನಮ್ಮ ಬಳಿ ಬಂದರು. ನಾವು ಬೇಡವೆಂದೆವು. ಬೇಡವೆಂದದ್ದು ಕೋಡುಬಳೆಯನ್ನಲ್ಲ, 50 ಕಿಲೋವನ್ನು.

ಹೋಟೆಲಿನವರಾದ ನಮಗೆ ಈ ವಿದ್ಯೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ರವೆಯಲ್ಲಿ ಇಡ್ಲಿ ಮಾಡಿನೋಡಿದರೆಂದೂ, ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಅವರೇ ಹೇಳುತ್ತಾರೆ. ಇಡ್ಲಿ ಬೇಯಿಸುವ ಪಾತ್ರೆ ಅಡಿಗೆಮನೆಯಲ್ಲಿ ಇದ್ದೇ ಇರುತ್ತದೆ. ಒಂದು ತಟ್ಟೆ ಬೇಯಿಸಿ ನೋಡಿದರೆ ಹೋಗುವ ಗಂಟೇನು? ಹೊಸ ತಿಂಡಿ ಮಾಡಿದ ದಿನ ಗಿರಾಕಿಯ ಬಾಯಿಮಾತಿಗಿಂತ ಎಲೆ ಎತ್ತುವ ಹುಡುಗನ ಮಾತೇ ದಿಟ. ಎಷ್ಟು ಉಳಿಸಿ ಎದ್ದರೆಂಬುದು ಅವನಿಗೆ ಗೊತ್ತು.

ಆದುದರಿಂದ ಮೊದಲ ವಾರ 4 ಕಿಲೋ ಮಾತ್ರ ಕರಿದರು. 200 ಗ್ರಾಮಿನ 20 ಪೊಟ್ಟಣಗಳಾದವು. ಅಚ್ಚು ಹಾಕಿಸಿದ ಚೀಲ ತರಿಸಲಿಲ್ಲ. ಸಾದಾ ಚೀಲಕ್ಕೆ ಮಾಡಿದ ತಾರೀಖಿನ ಚೀಟಿ ಅಂಟಿಸಿದರು. ಬೆಲೆ ಕಟ್ಟುವಾಗ ಒಂದು ತಪ್ಪಾಗುವುದರಲ್ಲಿತ್ತು. ಹಿಟ್ಟು, ಕೊಬ್ಬರಿ, ಎಣ್ಣೆ, ಚೀಲ ಸೇರಿ ಪೊಟ್ಟಣಕ್ಕೆ 28 ರೂಪಾಯಿ ಎಂದು ಬರೆದಿದ್ದರು. ನಿಮ್ಮ ಕೂಲಿ ಎಲ್ಲಿ ಎಂದು ನಾವು ಕೇಳಿದೆವು. ಮಾಲೀಕನ ಮುಂದೆ ಕೂಲಿಗಾಗಿ ಹೋರಾಡಿದವರೇ ತಮ್ಮ ಅಂಗಡಿಯಲ್ಲಿ ತಮ್ಮ ಕೂಲಿಯನ್ನು ಮರೆಯುತ್ತಾರೆ! ಕೂಲಿ ಮತ್ತು ಗ್ಯಾಸಿಗೆ 14 ರೂಪಾಯಿ ಸೇರಿಸಿದಾಗ ಅಸಲು 42 ಆಯಿತು. 60ಕ್ಕೆ ಮಾರಿದರೆ ಉಳಿಯುವುದು 18. ಪರೀಕ್ಷೆಗೆಂದು ಬೆಲೆ ಇಳಿಸಬಾರದು. ಇಳಿಸಿದ ಬೆಲೆಗೆ ಕೊಂಡವನು ಪೂರ್ತಿ ಬೆಲೆಗೂ ಕೊಳ್ಳುವನೆಂದು ಹೇಗೆ ತಿಳಿಯುವುದು?

ಮೂರು ಪೊಟ್ಟಣಗಳನ್ನು ಬೇರೆ ತೆಗೆದಿರಿಸಿ, ಉಳಿದ 17ನ್ನು ಮಾರಾಟಕ್ಕಿಟ್ಟರು. ಎರಡೇ ದಿನದಲ್ಲಿ ಖಾಲಿ! ಬಂಧುಗಳು ಹಿಗ್ಗಿದರು. ಲೆಕ್ಕ ನೋಡಿದರೆ 9 ಪೊಟ್ಟಣ ಕೊಂಡವರು ನಮ್ಮವರೇ. ಸ್ನೇಹಕ್ಕೆ ಕೊಂಡದ್ದನ್ನು ವ್ಯಾಪಾರವೆನ್ನಲಾಗದು. ಎರಡನೆಯ ವಾರ 11 ಹೋದವು. ಮೂರನೆಯ ವಾರ 15; ಅದರಲ್ಲಿ 8 ಮಂದಿ ಹಿಂದೆ ಒಮ್ಮೆ ಕೊಂಡಿದ್ದ ಗಿರಾಕಿಗಳು. ಮೊದಲ ಸಲ ಕೊಳ್ಳುವುದು ಕುತೂಹಲಕ್ಕೆ, ಎರಡನೆಯ ಸಲ ಕೊಳ್ಳುವುದು ರುಚಿಗೆ. ನಾವು ನಂಬಿದ್ದು ಈ 8ನ್ನು.

ಇನ್ನು ಹಲಗೆಯ ಪ್ರಶ್ನೆ. ಬಿಸ್ಕತ್ತಿನ ಡಬ್ಬಿಗಳನ್ನು ತೆಗೆದು ಆ ಜಾಗದಲ್ಲಿ ಕೋಡುಬಳೆ ಇಟ್ಟಿದ್ದರು. ಬಿಸ್ಕತ್ತು ವಾರಕ್ಕೆ 90 ರೂಪಾಯಿ ಉಳಿಸುತ್ತಿತ್ತು, ಅದು ಹೋಯಿತು. ಚಕ್ಕುಲಿ ಕೊಳ್ಳುತ್ತಿದ್ದ ಕೆಲವರು ಕೋಡುಬಳೆಗೆ ತಿರುಗಿದ್ದರಿಂದ ಚಕ್ಕುಲಿಯಲ್ಲಿ 6 ಪೊಟ್ಟಣ ಕಡಿಮೆಯಾಗಿ, ಪೊಟ್ಟಣಕ್ಕೆ 12ರಂತೆ 72 ರೂಪಾಯಿ ಹೋಯಿತು. ಕೋಡುಬಳೆ ತಂದದ್ದು 15 ಪೊಟ್ಟಣಕ್ಕೆ 270. ಹೋದದ್ದನ್ನು ಕಳೆದರೆ ನಿಜವಾದ ಲಾಭ 108 ಮಾತ್ರ. ಹೊಸ ಸರಕಿನ ಗಲ್ಲಾ ಮಾತ್ರ ಎಣಿಸಿದವನು ಈ 162 ರೂಪಾಯಿಯನ್ನು ಕಾಣನು.

ತೆಗೆದಿರಿಸಿದ ಮೂರು ಪೊಟ್ಟಣಗಳೇ ಕಡೆಗೆ ತೀರ್ಪು ಕೊಟ್ಟವು. ಹತ್ತನೆಯ ದಿನ ಒಡೆದದ್ದು ಗರಿಗರಿ ಇತ್ತು. ಇಪ್ಪತ್ತನೆಯ ದಿನದ್ದು ಚೆನ್ನೈಯ ಕಡಲಗಾಳಿಗೆ ತುಸು ಮೆತ್ತಗಾಗಿತ್ತು, ತಿನ್ನಬಹುದಿತ್ತು. ಮೂವತ್ತನೆಯ ದಿನದ್ದರಲ್ಲಿ ಕೊಬ್ಬರಿ, ಎಣ್ಣೆ ಎರಡೂ ಕಮಟು ವಾಸನೆ. ಹಾಗಾದರೆ ಮೂರು ವಾರವೇ ಅದರ ಆಯುಸ್ಸು. 50 ಕಿಲೋ ಎಂದರೆ 250 ಪೊಟ್ಟಣ. ವಾರಕ್ಕೆ 15ರಂತೆ ಮೂರು ವಾರದಲ್ಲಿ ಹೋಗುವುದು 45. ಉಳಿದ 205 ಪೊಟ್ಟಣಗಳಲ್ಲಿ ಪೊಟ್ಟಣಕ್ಕೆ 42 ರೂಪಾಯಿಯಂತೆ 8,610 ರೂಪಾಯಿಯ ಚೀಟಿ ಹಣ ಕೊಳೆಯುತ್ತಿತ್ತು. ಒಟ್ಟಿಗೆ ಕರಿಸಿ ಕಿಲೋಗೆ ನಾಲ್ಕಾರು ರೂಪಾಯಿ ಉಳಿಸಿದ್ದರೂ ಈ ಹೊಂಡ ತುಂಬುತ್ತಿರಲಿಲ್ಲ.

ಈಗ ಅವರು ವಾರಕ್ಕೆ 3 ಕಿಲೋ ಕರಿಯುತ್ತಾರೆ. ಅರ್ಧ ಹಲಗೆ ಮಾತ್ರ ಕೊಟ್ಟಿದ್ದಾರೆ. ಈ ಲೆಕ್ಕಕ್ಕೂ ಮಿತಿಯುಂಟು. ಒಂದು ಓಣಿಯ ಮಾತು ಮಾಂಬಲಕ್ಕೆ ಸಲ್ಲದು, ಸಾದಾ ತಿಂಗಳ ಮಾತು ದೀಪಾವಳಿಗೆ ಸಲ್ಲದು. ದೀಪಾವಳಿಗೆ ಹೆಚ್ಚು ಕರಿಯಬೇಕೇ ಎಂದು ಅವರು ಈಗಲೇ ಕೇಳುತ್ತಿದ್ದಾರೆ. ಮುಂಗಡ ಕೊಟ್ಟು ಹೆಸರು ಬರೆಸಿದವರೆಷ್ಟೋ ಅಷ್ಟು ಕರಿಯಿರಿ, ಅದರ ಮೇಲೆ 2 ಕಿಲೋ, ಅದಕ್ಕೆ ಮಿಗಿಲಾಗಿ ಬೇಡ ಎಂಬುದೇ ನಮ್ಮ ಉತ್ತರ.