ಸಂಜೆಯ ಡಬ್ಬಿ, ನಡುರಾತ್ರಿಯ ಎದೆಬಡಿತ

ಕಳೆದ ಫೆಬ್ರುವರಿಯ ಒಂದು ಬೆಳಗ್ಗೆ. ನಾನು ಕ್ಲಿನಿಕ್ ತಲುಪುವ ಮೊದಲೇ ತಾಯಿ, ಮಗ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹುಡುಗ ಎಸ್ಸೆಸ್ಸೆಲ್ಸಿ. ಕಣ್ಣು ಕೆಂಪಾಗಿತ್ತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

‘ಡಾಕ್ಟ್ರೇ, ರಾತ್ರಿ ಮೂರು ಗಂಟೆಗೆ ನನ್ನನ್ನ ಎಬ್ಬಿಸಿದ. ಎದೆ ಹೊಡ್ಕೊಳ್ತಿದೆ ಅಂತಾನೆ. ಪರೀಕ್ಷೆ ಭಯ ಇರಬೇಕು ಅಂದ್ಕೊಂಡೆ. ಆದ್ರೂ ಎದೆ ವಿಷಯ ಅಲ್ವಾ, ಧೈರ್ಯ ಸಾಲಲಿಲ್ಲ’ ಎಂದರು ತಾಯಿ.

ಹುಡುಗನನ್ನೇ ಕೇಳಿದೆ. ‘ಎದೆ ಒಳಗೆ ಮೀನು ಹೊರಳಿದ ಹಾಗಾಗತ್ತೆ ಅಂಕಲ್. ಒಂದು ಕ್ಷಣ ನಿಂತೇ ಹೋಯ್ತೇನೋ ಅನ್ಸತ್ತೆ. ಆಮೇಲೆ ಧಡಕ್ ಅಂತ ಒಂದೇಟು’ ಎಂದ.

ಇಷ್ಟು ಚೆನ್ನಾಗಿ ದೊಡ್ಡವರೂ ಹೇಳುವುದಿಲ್ಲ. ಹೃದಯ ತನ್ನ ಸರದಿ ಬರುವ ಮೊದಲೇ ಒಂದು ಬಡಿತ ಬಡಿದುಬಿಟ್ಟರೆ, ಮುಂದಿನ ಬಡಿತಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತದೆ. ಆ ಬಿಡುವಿನಲ್ಲಿ ಹೃದಯದೊಳಗೆ ಹೆಚ್ಚು ರಕ್ತ ತುಂಬುವುದರಿಂದ ಆಮೇಲಿನ ಬಡಿತ ಜೋರಾಗಿರುತ್ತದೆ. ಅವನ ‘ಧಡಕ್’ ಅದೇ.

ಏನು ಕುಡಿಯುತ್ತೀಯ ಎಂದು ಕೇಳಿದ್ದಕ್ಕೆ ಉತ್ತರ ಬಂದದ್ದು ತಾಯಿಯಿಂದ. ‘ಕಾಫಿ ಟೀ ಅವನಿಗೆ ಕೊಡೋದೇ ಇಲ್ಲ ಡಾಕ್ಟ್ರೇ, ಹಾಲು ಮಾತ್ರ.’ ಹುಡುಗ ತಲೆ ತಗ್ಗಿಸಿದ. ಇಸಿಜಿ ಮಾಡುವ ನೆಪದಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. ಹತ್ತು ದಿನಗಳಿಂದ ಸಂಜೆ 5ಕ್ಕೆ ಟ್ಯೂಷನ್‌ಗೆ ಹೋಗುವಾಗ ಅಂಗಡಿಯಲ್ಲಿ ಒಂದು ಎನರ್ಜಿ ಡ್ರಿಂಕ್. ಇನ್ನೊಂದು ಚೀಲದಲ್ಲಿ. ರಾತ್ರಿ 10ಕ್ಕೆ ಓದಲು ಕೂರುವಾಗ ಅದು ಖಾಲಿ. ‘ಕಾಫಿ ಅಲ್ವಲ್ಲ ಅಂಕಲ್, ಜ್ಯೂಸ್ ತರಾನೇ ಇರತ್ತೆ’ ಎಂಬುದು ಅವನ ಸಮಾಧಾನ.

ಹಾಗಾದರೆ ಡಬ್ಬಿಯಲ್ಲಿ ಏನಿದೆ, ನೋಡೋಣ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. 250 ಮಿಲಿಲೀಟರಿನ ಡಬ್ಬಿಗೆ ಲೆಕ್ಕ ಹಾಕಿದರೆ 75 ಮಿಲಿಗ್ರಾಂ. ಹೆಚ್ಚುಕಡಿಮೆ ಒಂದು ಲೋಟ ಗಟ್ಟಿ ಕಾಫಿಯಷ್ಟು. ಆದರೆ ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ. ತಣ್ಣಗಿನ ಸಿಹಿ ಪಾನೀಯ ಎರಡೇ ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ಸಕ್ಕರೆ ಐದಾರು ಚಮಚದಷ್ಟಿರುತ್ತದೆ. ಜೊತೆಗೆ ಟಾರಿನ್, ಹಲವು ಡಬ್ಬಿಗಳಲ್ಲಿ ಸುಮಾರು 1000 ಮಿಲಿಗ್ರಾಂ.

ಟಾರಿನ್ ಎಂದರೆ ಗೂಳಿಯಿಂದ ತೆಗೆದ ಶಕ್ತಿ ಎಂಬ ಮಾತು ಹುಡುಗರ ನಡುವೆ ಓಡಾಡುತ್ತದೆ. ಅದಕ್ಕೊಂದು ಕಾರಣವಿದೆ. 1827ರಲ್ಲಿ ಜರ್ಮನಿಯ ಟೀಡೆಮನ್ ಮತ್ತು ಗ್ಮೆಲಿನ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಲ್ಯಾಟಿನ್‌ನಲ್ಲಿ ‘ಟಾರಸ್’ ಎಂದರೆ ಗೂಳಿ, ಹಾಗಾಗಿ ಆ ಹೆಸರು. ಈಗ ಡಬ್ಬಿಗೆ ಹಾಕುವುದು ಕಾರ್ಖಾನೆಯಲ್ಲಿ ತಯಾರಾದದ್ದು. ಅದು ವಿಷವೂ ಅಲ್ಲ, ಶಕ್ತಿಯೂ ಅಲ್ಲ. ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಹೃದಯದ ಸ್ನಾಯುವಿನಲ್ಲಿ ಅದು ಧಾರಾಳವಾಗಿರುತ್ತದೆ. ಪ್ರತಿ ಬಡಿತಕ್ಕೂ ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು, ಮತ್ತೆ ಹೊರಗೆ ಹೋಗಬೇಕು. ಆ ಹೋಗಿಬರುವ ಕೆಲಸದಲ್ಲಿ ಟಾರಿನ್ನಿನ ಕೈಯೂ ಇದೆ.

ಕೆಫೀನಿನ ಕೆಲಸ ಬೇರೆ. ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ನಿದ್ದೆ ಎಳೆಯುತ್ತದೆ. ಹೃದಯಕ್ಕೂ ‘ನಿಧಾನ’ ಎಂದು ಹೇಳುವುದು ಇದೇ ಅಡಿನೋಸಿನ್. ಕೆಫೀನ್ ಹೋಗಿ ಅಡಿನೋಸಿನ್ ಕೂರಬೇಕಾದ ಕುರ್ಚಿಯಲ್ಲಿ ತಾನೇ ಕೂತುಬಿಡುತ್ತದೆ. ಅಡಿನೋಸಿನ್ ಖಾಲಿಯಾಗುವುದಿಲ್ಲ, ಬಾಗಿಲ ಹೊರಗೆ ಕಾಯುತ್ತಿರುತ್ತದೆ. ದಣಿವು ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಅತ್ತ ಅಡ್ರಿನಾಲಿನ್ ಏರುತ್ತದೆ, ಹೃದಯ ಹದ ತಪ್ಪುತ್ತದೆ. ನಿದ್ದೆಗೆಟ್ಟ ಕಣ್ಣು, ಹೊರಳುವ ಎದೆ, ಎರಡಕ್ಕೂ ಮೂಲ ಒಂದೇ.

ಹುಡುಗನ ಮುಂದೆ ಒಂದು ಚೀಟಿ ಇಟ್ಟು ಲೆಕ್ಕ ಮಾಡಿಸಿದೆ. ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಆಗುತ್ತದೆ, ಲೆಕ್ಕಕ್ಕೆ 5 ಎಂದಿಟ್ಟುಕೊಳ್ಳೋಣ. ಸಂಜೆ 5ಕ್ಕೆ 75. ರಾತ್ರಿ 10ಕ್ಕೆ ಅದರಲ್ಲಿ ಉಳಿದದ್ದು ಸುಮಾರು 37. ಆಗ ಎರಡನೆಯ ಡಬ್ಬಿಯ 75 ಸೇರಿತು, ಒಟ್ಟು 112. ರಾತ್ರಿ 3ಕ್ಕೆ ಅದರ ಅರ್ಧ, 56. ‘ಅಂದ್ರೆ ನಾನು ಅಮ್ಮನ್ನ ಎಬ್ಬಿಸಿದಾಗ ಮುಕ್ಕಾಲು ಡಬ್ಬಿ ಒಳಗೇ ಇತ್ತಾ?’ ಎಂದ. ಇತ್ತು. ಬೆಳಿಗ್ಗೆ 8ಕ್ಕೆ ನನ್ನ ಮುಂದೆ ಕೂತಾಗಲೂ 28 ಮಿಲಿಗ್ರಾಂ ಉಳಿದಿತ್ತು.

ಇನ್ನೊಂದು ಲೆಕ್ಕ. ಮಕ್ಕಳು ಮತ್ತು ಹದಿಹರೆಯದವರಿಗೆ ದಿನಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹಾಕಿಕೊಟ್ಟ ಗೆರೆ. ಈ ಹುಡುಗನ ತೂಕ 45 ಕಿಲೋ. ಅವನ ಗೆರೆ 135, ಕುಡಿಯುತ್ತಿದ್ದದ್ದು 150. ನಿದ್ದೆಯ ಮಟ್ಟಿಗೆ ಗೆರೆ ಇನ್ನೂ ಕೆಳಗಿದೆ, ಮಲಗುವ ಹೊತ್ತಿಗೆ ಹತ್ತಿರ ಕುಡಿದರೆ ಅದಕ್ಕಿಂತ ಕಡಿಮೆ ಪ್ರಮಾಣವೂ ನಿದ್ದೆಯನ್ನು ದೂರ ಮಾಡಬಲ್ಲದು.

ಇಸಿಜಿ ಬಂತು. ನಿಮಿಷಕ್ಕೆ 104 ಬಡಿತ, ನಡುವೆ ಒಂದು ಅವಸರದ ಬಡಿತ. ಉಳಿದಂತೆ ಸರಿಯಿತ್ತು. ಆದರೆ ನಾನು ಮೊದಲು ನೋಡಿದ್ದು ಬಡಿತದ ಸಂಖ್ಯೆಯನ್ನಲ್ಲ. ಕ್ಯೂಟಿ ಎಂಬ ಅಂತರವನ್ನು.

ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ವಿದ್ಯುತ್ತಿನ ಲೆಕ್ಕದಲ್ಲಿ ಮತ್ತೆ ಸಿದ್ಧವಾಗಬೇಕು. ಒಮ್ಮೆ ಬಾಣ ಬಿಟ್ಟವನು ಮತ್ತೆ ಹೆದೆ ಏರಿಸುವಂತೆ. ಬಡಿತ ಶುರುವಾದಲ್ಲಿಂದ ಸಿದ್ಧತೆ ಮುಗಿಯುವವರೆಗಿನ ಸಮಯವೇ ಕ್ಯೂಟಿ. ಇದು ಅರ್ಧ ಸೆಕೆಂಡಿಗಿಂತ ಕಡಿಮೆ. ಇದು ಬಹಳ ಉದ್ದವಾದರೆ, ಸಿದ್ಧತೆ ಮುಗಿಯುವ ಮೊದಲೇ ಅವಸರದ ಬಡಿತವೊಂದು ಬಂದು ಬಿದ್ದಾಗ ಇಡೀ ಲಯ ಕೆಟ್ಟು ಹೃದಯ ರಕ್ತ ತಳ್ಳುವುದನ್ನೇ ಬಿಟ್ಟು ಅದುರಲು ಶುರುಮಾಡಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇಲ್ಲಿ ಮುಖ್ಯ. ಆರೋಗ್ಯವಂತ 18 ಮಂದಿಗೆ ಒಂದು ದಿನ ಎನರ್ಜಿ ಡ್ರಿಂಕ್ ಕೊಟ್ಟರು, ಇನ್ನೊಂದು ದಿನ ಅಷ್ಟೇ ಕೆಫೀನ್ ಬೆರೆಸಿದ ಬೇರೆ ಪಾನೀಯ ಕೊಟ್ಟರು. ಎರಡರಲ್ಲೂ ಕೆಫೀನ್ 320 ಮಿಲಿಗ್ರಾಂ. ಎರಡು ಗಂಟೆಯ ನಂತರ ನೋಡಿದಾಗ ಎನರ್ಜಿ ಡ್ರಿಂಕ್ ಕುಡಿದ ದಿನ ಕ್ಯೂಟಿ ಸುಮಾರು 10 ಮಿಲಿಸೆಕೆಂಡು ಹೆಚ್ಚು ಉದ್ದವಾಗಿತ್ತು. 2019ರಲ್ಲಿ 34 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ನಾಲ್ಕು ಗಂಟೆಯ ನಂತರವೂ 6ರಿಂದ 8 ಮಿಲಿಸೆಕೆಂಡಿನ ವ್ಯತ್ಯಾಸ ಉಳಿದಿತ್ತು. ಕೆಫೀನ್ ಒಂದೇ ಕಾರಣವಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಎರಡೂ ದಿನ ಒಂದೇ ಫಲ ಬರಬೇಕಿತ್ತು. ಡಬ್ಬಿಯಲ್ಲಿ ಕೂಡಿರುವ ಬೇರೇನೋ ಕೈಜೋಡಿಸುತ್ತಿದೆ ಎಂಬ ಅನುಮಾನ ಹುಟ್ಟಿದ್ದು ಹೀಗೆ.

ಆ ‘ಬೇರೇನೋ’ ಟಾರಿನ್ನೇ ಎಂದು ಬೆರಳು ತೋರಿಸಲು ಬರುವುದಿಲ್ಲ. ಡಬ್ಬಿಯಲ್ಲಿ ಇನ್ನೂ ಹಲವು ವಸ್ತುಗಳಿವೆ. ಸಾಮಾನ್ಯ ಪ್ರಮಾಣದಲ್ಲಿ ಟಾರಿನ್ ಮತ್ತು ಕೆಫೀನ್ ಸೇರಿ ಕೆಡುಕು ಮಾಡುವ ಸಂಭವ ಕಡಿಮೆ ಎಂದೇ ಯುರೋಪಿನ ಆ ಪ್ರಾಧಿಕಾರ ಹೇಳಿತ್ತು. ಈ ಪರೀಕ್ಷೆಗಳಲ್ಲಿ ಕುಡಿಸಿದ್ದು ಸುಮಾರು ಒಂದು ಲೀಟರ್, ಕುಡಿದವರು ವಯಸ್ಕರು. ಮಕ್ಕಳಿಗೆ ಲೀಟರುಗಟ್ಟಲೆ ಕುಡಿಸಿ ಪರೀಕ್ಷೆ ಮಾಡುವಂತಿಲ್ಲವಲ್ಲ! ಹತ್ತು ಮಿಲಿಸೆಕೆಂಡು ಎಂದರೆ ಸೆಕೆಂಡಿನ ನೂರನೇ ಒಂದು ಭಾಗ. ಗಟ್ಟಿ ಹೃದಯಕ್ಕೆ ಅದು ದೊಡ್ಡದಲ್ಲ.

ಹಾಗಿದ್ದರೆ ಚಿಂತೆ ಯಾರ ಬಗ್ಗೆ? ಹುಟ್ಟಿನಿಂದಲೇ ಕ್ಯೂಟಿ ಉದ್ದವಾಗಿರುವ ಮಕ್ಕಳಿದ್ದಾರೆ. ಓಡುತ್ತಾರೆ, ಆಡುತ್ತಾರೆ, ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅಂಥವರಿಗೆ ಡಬ್ಬಿ, ನಿದ್ದೆಗೆಟ್ಟ ರಾತ್ರಿ, ಬೆಳಗಿನ ಕ್ರಿಕೆಟ್ ಮೂರೂ ಒಟ್ಟಾದರೆ ಚಿಕ್ಕ ವ್ಯತ್ಯಾಸವೂ ದೊಡ್ಡದಾಗಬಹುದು. 2017ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ 16 ವರ್ಷದ ಹುಡುಗನೊಬ್ಬ ಸುಮಾರು ಎರಡು ಗಂಟೆಯೊಳಗೆ ಒಂದು ಕಾಫಿ, ಒಂದು ಕೆಫೀನ್ ಇರುವ ತಂಪುಪಾನೀಯ, ಒಂದು ಎನರ್ಜಿ ಡ್ರಿಂಕ್ ಕುಡಿದು ತರಗತಿಯಲ್ಲೇ ಕುಸಿದು ತೀರಿಕೊಂಡ. ಅವನಿಗೆ ಹೃದಯದ ಕಾಯಿಲೆ ಇದ್ದದ್ದು ಕಂಡುಬರಲಿಲ್ಲ. ಕೆಫೀನಿನಿಂದ ಹೃದಯದ ಲಯ ಕೆಟ್ಟಿರಬೇಕು ಎಂದು ಅಲ್ಲಿನ ಅಧಿಕಾರಿ ತೀರ್ಮಾನಿಸಿದರು. ಇಂಥದ್ದು ತೀರಾ ಅಪರೂಪ. ಆದರೆ ಒಂದರ ಹಿಂದೆ ಒಂದರಂತೆ ಬೇಗ ಬೇಗ ಕುಡಿಯುವುದರ ಅಪಾಯ ಅದರಿಂದ ಗೊತ್ತಾಗುತ್ತದೆ.

ಹೆಚ್ಚಿನ ಮಕ್ಕಳಿಗೆ ಆಗುವ ನಷ್ಟ ಸದ್ದಿಲ್ಲದ್ದು, ಅದು ನಿದ್ದೆಯದು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡ. ಅದರ ಮೇಲೆ ಡಬ್ಬಿಯೂ ಸೇರಿದರೆ? ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡ ದೊಡ್ಡವರು ಒಂದು ಗಂಟೆಗೂ ಹೆಚ್ಚು ನಿದ್ದೆ ಕಳೆದುಕೊಂಡದ್ದು 2013ರ ಒಂದು ಅಧ್ಯಯನದಲ್ಲಿ ಕಂಡಿತು. ಅಷ್ಟು ಕಳೆದುಕೊಂಡದ್ದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ‘ನನಗೆ ಏನೂ ಆಗಲ್ಲ, ಚೆನ್ನಾಗೇ ನಿದ್ದೆ ಬರತ್ತೆ’ ಎನ್ನುವ ಮಕ್ಕಳ ಮಾತನ್ನು ಹಾಗಾಗಿ ನಾನು ಪೂರ್ತಿ ನಂಬುವುದಿಲ್ಲ. ನಿದ್ದೆ ಕಡಿಮೆಯಾದರೆ ಮರುದಿನ ಸುಸ್ತು, ಸುಸ್ತಿಗೆ ಮತ್ತೊಂದು ಡಬ್ಬಿ. ನಮ್ಮ ಹುಡುಗನ ಹತ್ತು ದಿನ ಕಳೆದದ್ದು ಹೀಗೆಯೇ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯಾಗುವುದು ನಿದ್ದೆಯಲ್ಲಿ. ಓದಲೆಂದು ಕುಡಿದದ್ದು ಓದಿದ್ದನ್ನೇ ತಿನ್ನುತ್ತಿತ್ತು.

ಅವನಿಗೆ ಮಾತ್ರೆ ಬರೆದುಕೊಡಲಿಲ್ಲ. ಎರಡನೆಯ ಡಬ್ಬಿ ಅಂದೇ ನಿಲ್ಲಿಸು, ಮೊದಲನೆಯದನ್ನು ಎರಡು ದಿನ ಅರ್ಧ ಮಾಡಿ ಆಮೇಲೆ ಬಿಡು ಎಂದೆ. ಬಿಟ್ಟ ಮೇಲೆ ಕೆಲವು ದಿನ ತಲೆನೋವು, ತೂಕಡಿಕೆ, ಸಿಡುಕು ಬರುತ್ತದೆ, ಅದಕ್ಕೆ ಹೆದರಿ ಮತ್ತೆ ಡಬ್ಬಿ ತೆರೆಯಬೇಡ ಎಂದೂ ಹೇಳಿದೆ. ತಾಯಿಗೆ ವಿಷಯ ಹೇಳುವುದನ್ನು ಅವನಿಗೇ ಬಿಟ್ಟೆ, ಹೇಳಿದ. ಅವರು ಗದರಲಿಲ್ಲ. ‘ನಂಗೆ ಹೇಳ್ಬಾರ್ದಿತ್ತೇನೋ ಮಗನೇ’ ಎಂದಷ್ಟೇ ಅಂದರು. ಎರಡು ವಾರ ಬಿಟ್ಟು ಬಂದಾಗ ಬಡಿತ 76. ಮೀನು ಹೊರಳುವುದು ನಿಂತಿತ್ತು.

ಮಕ್ಕಳೇ, ಮುಂದಿನ ಸಲ ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡರೆ ಅದರ ಹಿಂಭಾಗ ತಿರುಗಿಸಿ ನೋಡಿ. ಮಕ್ಕಳಿಗೆ ಯೋಗ್ಯವಲ್ಲ ಎಂದು ಕಂಪನಿಯವರೇ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ, ಅದು ಕಾನೂನು. 100 ಮಿಲಿಲೀಟರಿಗೆ ಎಷ್ಟು ಕೆಫೀನ್ ಎಂದೂ ನೋಡಿ, ಇಡೀ ಡಬ್ಬಿಗೆ ಗುಣಿಸಿ. ಗೌರಾನಾ ಎಂಬ ಹೆಸರಿದ್ದರೆ ಅದೂ ಕೆಫೀನಿನ ಬೀಜವೇ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಆಗಾಗ ಬರುವ ಒಂದೊಂದು ಅವಸರದ ಬಡಿತಕ್ಕೆ ಗಾಬರಿ ಬೇಡ, ಡಬ್ಬಿ ನಿಲ್ಲಿಸಿದರೆ ಅದೂ ನಿಲ್ಲುವುದೇ ಹೆಚ್ಚು. ಆದರೆ ಮಗು ಓಡುವಾಗ ಅಥವಾ ಬೆಚ್ಚಿಬಿದ್ದಾಗ ಪ್ರಜ್ಞೆ ತಪ್ಪಿದರೆ, ಎದೆಬಡಿತದ ಜೊತೆ ಎದೆನೋವು ಅಥವಾ ಉಸಿರುಕಟ್ಟುವಿಕೆ ಇದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಒಂದು ಇಸಿಜಿಗೆ ಹಿಡಿಯುವುದು ಐದು ನಿಮಿಷ. ಮತ್ತೆ, ಮಗ ರಾತ್ರಿ ಮೂರಕ್ಕೆ ಎಬ್ಬಿಸಿದರೆ ಪರೀಕ್ಷೆ ಭಯ ಎಂದು ಮಲಗಿಸುವ ಮೊದಲು ಸಂಜೆಯಿಂದ ಏನೇನು ಕುಡಿದ ಎಂದು ಮೆಲ್ಲಗೆ ಕೇಳಿ.