ಪೇಸ್‌ಮೇಕರೋ, ಡಿಫಿಬ್ರಿಲೇಟರೋ? ಬೆಲೆ ನೋಡಬೇಡಿ, ನಾಡಿ ನೋಡಿ

‘ಅವರ ಎದೆಯಲ್ಲಿ ಮಷಿನ್ ಕೂರಿಸಿದ್ದಾರಂತೆ’ ಎಂಬ ಮಾತು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಈಗ ಹೊಸದೇನಲ್ಲ. ಆದರೆ ಯಾವ ಮಷಿನ್, ಏತಕ್ಕಾಗಿ ಎಂದು ಕೇಳಿದರೆ ಎಷ್ಟೋ ಸಲ ಮನೆಯವರಿಗೇ ಉತ್ತರ ತಿಳಿದಿರುವುದಿಲ್ಲ. ಹೀಗೆ ಎದೆಯ ಚರ್ಮದಡಿ ಇಡುವ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪೇಸ್‌ಮೇಕರ್. ಇನ್ನೊಂದು ಡಿಫಿಬ್ರಿಲೇಟರ್, ವೈದ್ಯರ ಬಾಯಲ್ಲಿ ಐಸಿಡಿ. ಎರಡೂ ಪುಟ್ಟ ಡಬ್ಬಿಗಳೇ, ಎರಡರಿಂದಲೂ ಹೃದಯಕ್ಕೆ ತಂತಿ ಹೋಗುತ್ತದೆ. ಐಸಿಡಿಯ ಬೆಲೆ ಹಲವು ಪಟ್ಟು ಹೆಚ್ಚು. ಹೆಚ್ಚು ಬೆಲೆಯದೇ ಒಳ್ಳೆಯದು ಎಂದು ಸಾಲ ಮಾಡಿ ಅದನ್ನೇ ಕೇಳುವವರಿದ್ದಾರೆ. ಈ ಲೆಕ್ಕಾಚಾರ ತಪ್ಪು. ಎರಡೂ ಬೇರೆ ಬೇರೆ ದೋಷಗಳಿಗೆ ಮದ್ದು.

ಹೃದಯದ ಬಡಿತಕ್ಕೆ ಅದರದೇ ವಿದ್ಯುತ್ ವ್ಯವಸ್ಥೆ ಇದೆ. ಆ ಸಂಕೇತ ಹುಟ್ಟುವುದೇ ಕಡಿಮೆಯಾದರೆ, ಅಥವಾ ದಾರಿಯಲ್ಲಿ ತಡೆಯುಂಟಾದರೆ ನಾಡಿ ನಿಧಾನವಾಗುತ್ತದೆ. ಆಗ ಸಣ್ಣ ಸಂಕೇತ ಕೊಟ್ಟು ಬಡಿತ ಎಬ್ಬಿಸುವುದು ಪೇಸ್‌ಮೇಕರ್. ಅದು ಕೊಡುವ ಸಂಕೇತ ರೋಗಿಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ, ಹೃದಯದ ಕೆಳಕೋಣೆ ಒಮ್ಮೆಲೇ ಲಂಗುಲಗಾಮಿಲ್ಲದೆ ಓಡತೊಡಗಿದರೆ ಅಥವಾ ಬರೀ ಅದುರತೊಡಗಿದರೆ ರಕ್ತ ಮುಂದಕ್ಕೆ ಹೋಗದೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಅದನ್ನು ಗುರುತಿಸಿ, ಜೋರಾದ ಷಾಕ್ ಕೊಟ್ಟು ಸರಿದಾರಿಗೆ ತರುವುದು ಐಸಿಡಿ. ಬಡಿತ ತೀರಾ ನಿಧಾನವಾದರೆ ಅದು ಪೇಸ್‌ಮೇಕರ್ ಕೆಲಸವನ್ನೂ ಮಾಡಬಲ್ಲದು. ಆದರೆ ಪೇಸ್‌ಮೇಕರ್ ಷಾಕ್ ಕೊಡಲಾರದು. ಇನ್ನು, ಹೃದಯಾಘಾತವನ್ನು ತಡೆಯುವ ಶಕ್ತಿ ಎರಡಕ್ಕೂ ಇಲ್ಲ.

ಯಾರಿಗೆ ಯಾವುದು?

ಹಾನಗಲ್ಲ ತಾಲ್ಲೂಕಿನ 68 ವರ್ಷದ ಅಜ್ಜಿಯೊಬ್ಬರು ಭತ್ತದ ಗದ್ದೆಯಲ್ಲಿ ಎರಡು ಸಲ ತಟ್ಟನೆ ಬಿದ್ದರು ಎಂದುಕೊಳ್ಳಿ. ಕೈಕಾಲು ಸ್ವಲ್ಪ ಅದುರಿತು, ಒಂದೇ ನಿಮಿಷದಲ್ಲಿ ಎಚ್ಚರವಾಗಿ ಎದ್ದು ಮಾತಾಡಿದರು. ಇದನ್ನು ಮೂರ್ಛೆರೋಗವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದುಂಟು. ಮೂರ್ಛೆರೋಗದಲ್ಲಿ ಎಚ್ಚರವಾದ ಮೇಲೂ ಸಾಮಾನ್ಯವಾಗಿ ಕೆಲಹೊತ್ತು ಮಂಕು ಕವಿದಿರುತ್ತದೆ. ಹೃದಯದಿಂದ ಬಂದ ಮೂರ್ಛೆಯಲ್ಲಿ ಹಾಗಲ್ಲ, ಬೇಗ ತಿಳಿವು ಬರುತ್ತದೆ. ಅಜ್ಜಿಯ ನಾಡಿ ಎಣಿಸಿದರೆ 34, ಇ.ಸಿ.ಜಿ.ಯಲ್ಲಿ ಮೇಲುಕೋಣೆಯ ಸಂಕೇತ ಕೆಳಕೋಣೆಗೆ ಇಳಿಯುತ್ತಲೇ ಇಲ್ಲ. ವೈದ್ಯರು ಮೊದಲು, ಬಿ.ಪಿ. ಅಥವಾ ಹೃದಯದ ಯಾವುದಾದರೂ ಮಾತ್ರೆಯಿಂದ ನಾಡಿ ಇಳಿದಿದೆಯೇ, ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೇ ಎಂದು ನೋಡುತ್ತಾರೆ. ಅಂಥ ಕಾರಣ ಇದ್ದರೆ ಅದನ್ನು ಸರಿಪಡಿಸಿದಾಗ ನಾಡಿಯೂ ಸರಿಹೋಗಬಹುದು. ಇಲ್ಲವಾದರೆ ಪೇಸ್‌ಮೇಕರ್ ಬೇಕೇ ಬೇಕು. ಅದರ ಬದಲಿಗೆ ನುಂಗುವ ಮಾತ್ರೆ ಇಲ್ಲ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ಕಾಯುವ ಕಾಯಿಲೆಯೂ ಇದಲ್ಲ.

ಇನ್ನೊಂದು ಉದಾಹರಣೆ. ಹಿರೇಕೆರೂರಿನ ಕಡೆಯ 54 ವರ್ಷದ ರೈತರಿಗೆ ದೊಡ್ಡ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿದೆ. ಐದನೆಯ ದಿನದ ಎಕೋದಲ್ಲಿ ಹೃದಯದ ಪಂಪಿಂಗ್ ಶೇಕಡಾ 28. ಆರೋಗ್ಯವಂತರಲ್ಲಿ ಇದು 55ರ ಆಸುಪಾಸು ಅಥವಾ ಮೇಲಿರುತ್ತದೆ. ಪಂಪಿಂಗ್ ಇಷ್ಟು ಕುಸಿದವರಿಗೆ ಹಠಾತ್ ಸಾವಿನ ಭಯ ಇರುವುದು ನಿಜ. ಮನೆಯವರು ‘ಇವತ್ತೇ ಐಸಿಡಿ ಹಾಕಿ’ ಎನ್ನುತ್ತಾರೆ. ಆದರೆ ಆಘಾತಕ್ಕೆ ಸಿಕ್ಕಿ ಮಂಕಾದ ಸ್ನಾಯು ಮತ್ತೆ ಚೇತರಿಸಿಕೊಳ್ಳಬಹುದು. ಅದಕ್ಕೆಂದೇ ಆಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ ಮೂರು ತಿಂಗಳು, ಸರಿಯಾದ ಔಷಧ ಕೊಟ್ಟು ಮತ್ತೆ ಎಕೋ ಮಾಡುವುದು ರೂಢಿಯ ನಿಯಮ. ಆಗ ಪಂಪಿಂಗ್ 42ಕ್ಕೆ ಏರಿದ್ದರೆ ಇವರಿಗೆ ಐಸಿಡಿ ಬೇಡ. 35 ಅಥವಾ ಅದಕ್ಕಿಂತ ಕೆಳಗೇ ಉಳಿದಿದ್ದರೆ ಆಗ ಯೋಚಿಸಬೇಕು. ಬೇರೆ ಕಾರಣವಿಲ್ಲದೆ ಹೃದಯ ಒಮ್ಮೆ ಅದುರಿ ನಿಂತು, ಅದೃಷ್ಟದಿಂದ ಬದುಕಿದವರ ಮಾತು ಬೇರೆ. ಅವರು ಈ ಕಾಯುವಿಕೆಗೆ ಸೇರುವುದಿಲ್ಲ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್‌ನಲ್ಲಿ ಮೈದಾನದಲ್ಲೇ ಕುಸಿದಾಗ ಬೇಗನೆ ಐಸಿಡಿ ಹಾಕಿದ್ದು ಇದೇ ಕಾರಣಕ್ಕೆ. ಮರುವರ್ಷ ಅವರು ಮತ್ತೆ ಆಟಕ್ಕಿಳಿದರು.

ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ. ‘ಇವರ ದೋಷ ನಿಧಾನ ಬಡಿತವೋ, ಅಪಾಯದ ಓಟವೋ?’ ‘ಈಗಲೇ ಬೇಕೋ, ಔಷಧ ಕೊಟ್ಟು ಕಾದು ನೋಡಬಹುದೋ?’ ಹೀಗೆ ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

ಹಾಕಿಸಿಕೊಂಡ ಮೇಲೆ

ಸಾಮಾನ್ಯವಾಗಿ ಎಡಗಡೆಯ ಕೊರಳೆಲುಬಿನ ಕೆಳಗೆ ಡಬ್ಬಿ ಇಡುತ್ತಾರೆ. ಒಳಗಿನ ತಂತಿ ಹೃದಯಕ್ಕೆ ಹೊಂದಿಕೊಳ್ಳುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ಆ ಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು. ಬಣವೆ ಒಟ್ಟುವುದು, ಬಾವಿಯಿಂದ ನೀರು ಸೇದುವುದು, ಬಳ್ಳಿಯ ಮೇಲಿನ ವೀಳ್ಯದೆಲೆ ಕೊಯ್ಯುವುದು ಆಗ ಬೇಡ. ಹಾಗೆಂದು ಕೈಯನ್ನು ಕಟ್ಟಿಹಾಕಿದಂತೆ ಇಟ್ಟುಕೊಂಡರೆ ಭುಜ ಬಿಗಿಯುತ್ತದೆ, ಕೆಳಮಟ್ಟದಲ್ಲಿ ಆಡಿಸುತ್ತಿರಿ. ಗಾಯ ಮಾಸಿದ ಮೇಲೂ ಔಷಧ ಸಿಂಪಡಿಸುವ ಬೆನ್ನುಪಂಪಿನ ಪಟ್ಟಿ ಡಬ್ಬಿಯ ಮೇಲೆ ಉಜ್ಜದಂತೆ ನೋಡಿಕೊಳ್ಳಿ. ಆ ಜಾಗ ಕೆಂಪಾದರೆ, ಉಬ್ಬಿದರೆ, ಕೀವು ಕಂಡರೆ ಅರಿಸಿನ ಮೆತ್ತಬೇಡಿ, ಸೂಜಿಯಿಂದ ಕೀವು ತೆಗೆಸಲೂಬೇಡಿ, ಸೋಂಕು ಒಳಗಿಳಿಯಬಹುದು. ಡಬ್ಬಿ ಹಾಕಿದ ಆಸ್ಪತ್ರೆಗೇ ಹೋಗಿ.

ಮೊಬೈಲನ್ನು ಎದೆಯ ಜೇಬಿನಲ್ಲಿ ಇಡದೆ ಇನ್ನೊಂದು ಕಿವಿಗೆ ಹಿಡಿದರೆ ಸಾಕು. ಟಿ.ವಿ., ಮಿಕ್ಸರ್‌ಗಳಿಗೆ ಹೆದರಬೇಕಿಲ್ಲ. ವೆಲ್ಡಿಂಗ್ ಮಾಡುವವರು ಮಾತ್ರ ವೈದ್ಯರನ್ನು ಕೇಳಿಯೇ ಕೆಲಸಕ್ಕಿಳಿಯಬೇಕು. ನಮ್ಮ ಕಡೆ ನಿಜವಾದ ಅಪಾಯವಿರುವುದು ಹೊಲದಲ್ಲಿ. ಅರ್ತಿಂಗ್ ಸರಿಯಿಲ್ಲದ ಮೋಟರ್ ಹತ್ತಿರ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಾಗ ಜುಂ ಎನ್ನುವ ಸಣ್ಣ ಕರೆಂಟು ಮೈಗಿಳಿದರೆ, ಐಸಿಡಿ ಅದನ್ನೇ ಹೃದಯದ ಅದುರುವಿಕೆ ಎಂದು ತಪ್ಪಾಗಿ ತಿಳಿದು ಷಾಕ್ ಹೊಡೆಯಬಹುದು. ಮೋಟರಿನ ಅರ್ತಿಂಗ್ ಸರಿಪಡಿಸಿ, ಹೊಲದ ವಿದ್ಯುತ್ ಬೇಲಿಯಿಂದ ದೂರವಿರಿ.

ಐಸಿಡಿಯ ಷಾಕ್ ಎಂದರೆ ಎದೆಗೆ ಎತ್ತು ಒದ್ದಂತೆ. ಒಮ್ಮೆ ಮಾತ್ರ ಹೊಡೆದು, ಆಮೇಲೆ ಆರಾಮವೆನಿಸಿದರೆ ಕುಳಿತು ಸುಧಾರಿಸಿಕೊಂಡು ಅಂದೇ ಆಸ್ಪತ್ರೆಗೆ ತಿಳಿಸಿ. ಎರಡು ಸಲ ಹೊಡೆದರೆ, ಅಥವಾ ಒಮ್ಮೆ ಹೊಡೆದು ಎದೆನೋವು, ಏದುಸಿರು, ತಲೆಸುತ್ತು ಉಳಿದರೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಹಿಡಿದುಕೊಂಡವರಿಗೆ ಅಪಾಯವಿಲ್ಲ. ವೈದ್ಯರು ಹೇಳುವವರೆಗೆ ಬೈಕ್, ಟ್ರ್ಯಾಕ್ಟರ್ ಓಡಿಸುವುದು ಬೇಡ.

ಇನ್ನು ತಪಾಸಣೆ. ನನ್ನ ಅಭಿಪ್ರಾಯದಲ್ಲಿ ನಮ್ಮವರು ಸೋಲುವುದು ಇಲ್ಲೇ. ಮೈ ಹಗುರಾಯಿತೆಂದು ವರ್ಷಗಟ್ಟಲೆ ಆಸ್ಪತ್ರೆಯತ್ತ ಸುಳಿಯುವುದಿಲ್ಲ. ಬ್ಯಾಟರಿ ಶಾಶ್ವತವಲ್ಲ, ಸುಮಾರು ಎಂಟು–ಹತ್ತು ವರ್ಷಕ್ಕೆ ಡಬ್ಬಿ ಬದಲಿಸಬೇಕಾಗುತ್ತದೆ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್ ಮತ್ತೆ ಮತ್ತೆ ಸಾಧನ ಬದಲಿಸಿಕೊಳ್ಳುತ್ತ 86 ವರ್ಷ ಬದುಕಿದರು. ವರ್ಷಕ್ಕೆ ಒಂದೆರಡು ಸಲ, ಐಸಿಡಿಯಾದರೆ ಇನ್ನೂ ಹೆಚ್ಚು ಸಲ, ಪರೀಕ್ಷೆ ಬೇಕು. ಅದಕ್ಕಾಗಿ ಮುದುಕರು ಕೂಲಿ ಬಿಟ್ಟು ಮಗನನ್ನು ಕರೆದುಕೊಂಡು ಹುಬ್ಬಳ್ಳಿ, ಬೆಂಗಳೂರಿಗೆ ಅಲೆಯಬೇಕೇ? ಡಬ್ಬಿಯನ್ನು ಓದುವ ಯಂತ್ರ ಒಂದು ಕೈಚೀಲದಷ್ಟಿದೆ. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಗೊತ್ತಾದ ದಿನ ತಿಂಗಳಿಗೊಮ್ಮೆ ಈ ತಪಾಸಣೆ ನಡೆದರೆ ನಾಲ್ಕೂ ತಾಲ್ಲೂಕಿನವರಿಗೆ ಅನುಕೂಲ. ಜನಪ್ರತಿನಿಧಿಗಳು ಕೇಳಬೇಕಾದ್ದು ಇದನ್ನು.

ಕೊನೆಯದಾಗಿ ಹೇಳಲು ಕಷ್ಟವಾದ ಒಂದು ಮಾತು. ಸಾವಿನ ನಂತರ ಸುಡುವ ಪದ್ಧತಿಯವರು ಡಬ್ಬಿಯನ್ನು ಮೊದಲೇ ತೆಗೆಸಬೇಕು. ಚಿತೆಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಹೂಳುವವರಿಗೆ ಆ ಚಿಂತೆಯಿಲ್ಲ. ಆಸ್ಪತ್ರೆಯವರು ಕೊಟ್ಟ ಗುರುತಿನ ಕಾರ್ಡನ್ನು ಟ್ರಂಕಿನಲ್ಲಿ ಬಚ್ಚಿಡದೆ ಜೇಬಿನಲ್ಲಿಡಿ. ಯಾವ ಆಪರೇಷನ್, ಯಾವ ಸ್ಕ್ಯಾನ್ ಇದ್ದರೂ ಮೊದಲು ಅದನ್ನೇ ತೋರಿಸಿ.