ಪ್ಲಗ್ ಕೀಳೋ ಮೊದಲು ಆ ಪುಟ ನೋಡ್ರಿ

ನೆಟ್ ನಿಧಾನ ಆದ್ರೆ ನಮ್ಮ ಕಡೆ ಮಾಡೋ ಮೊದಲ ಕೆಲಸ ರೌಟರಿನ ಪ್ಲಗ್ ಕಿತ್ತು ಮತ್ತೆ ಹಾಕೋದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೂ ಅದನ್ನೇ ಹೇಳ್ತಾರೆ. ಎರಡು ನಿಮಿಷ ಚೆನ್ನಾಗಿ ನಡೆಯುತ್ತೆ, ಸಂಜೆ ಮತ್ತೆ ಅದೇ ಹಾಡು. ನಮ್ಮ ವಾದ ಇಷ್ಟೇ: ಪ್ಲಗ್ ಕಿತ್ತ ಕ್ಷಣಕ್ಕೆ ಸಾಕ್ಷಿ ಅಳಿಸಿ ಹೋಗುತ್ತೆ. ಅದಕ್ಕೂ ಮೊದಲು ರೌಟರಿನ ಸ್ಟೇಟಸ್ ಪುಟ ತೆಗೆದು, ಸಿಪಿಯು ಎಷ್ಟು, ಮೆಮೊರಿ ಎಷ್ಟು ಅಂತ ಬರೆದಿಟ್ಟುಕೊಳ್ಳಬೇಕು.

ನಾವು ಮೂರು ಜನ ಗೆಳೆಯರು. ಒಬ್ಬ ಗೋಕಾಕದವ, ಒಬ್ಬ ಮೂಡಲಗಿಯವ, ಒಬ್ಬ ಹುಕ್ಕೇರಿಯವ. ರಜೆಯಲ್ಲಿ ಮೂರೂ ಊರಿನ ರೌಟರ್ ನೋಡಿದ್ವಿ. ದೂರು ಮೂರೂ ಕಡೆ ಒಂದೇ, ಕಾರಣ ಮಾತ್ರ ಮೂರು. ಅದರಲ್ಲಿ ಮೂಡಲಗಿಯದ್ದನ್ನು ಪೂರ್ತಿ ಹೇಳಬೇಕು.

ಅಲ್ಲಿ ಗೆಳೆಯನ ಕಾಕಾಂದು ಒಂದು ಆನ್‌ಲೈನ್ ಅರ್ಜಿ ತುಂಬೋ ಅಂಗಡಿ. ಐದು ಕಂಪ್ಯೂಟರ್. ಸಂಜೆ ಕಾಲೇಜು ಬಿಟ್ಟ ಮೇಲೆ ಸ್ಕಾಲರ್‌ಶಿಪ್ ಅರ್ಜಿಗೆ ಹುಡುಗರು ಸಾಲು ನಿಲ್ತಾರೆ. ಓಟಿಪಿ ಬರುತ್ತೆ, ಹಾಕೋ ಹೊತ್ತಿಗೆ ಪುಟ ತೆರೆಯದೆ ಟೈಮ್ ಮುಗಿಯುತ್ತೆ. ಕಾಕಾ ಎರಡು ತಿಂಗಳ ಹಿಂದೆ 50 ಎಂಬಿಪಿಎಸ್ ಪ್ಲಾನ್ ಬಿಟ್ಟು 150ರದ್ದು ತಗೊಂಡಿದ್ರು. ಏನೂ ಫರಕ ಬೀಳಲಿಲ್ಲ. "ಡಬ್ಬಿನೇ ಹಳೇದಾಗೇತಿ, ಮೂರು ಸಾವಿರ ಹೋದ್ರ ಹೋಗ್ಲಿ, ಹೊಸಾದು ತರ್ತೀನಿ" ಅಂತ ಹೊರಟಿದ್ರು. "ಒಂದು ದಿನ ತಡೀರಿ ಕಾಕಾ" ಅಂದ್ವಿ.

ಬೆಳಿಗ್ಗೆ ಗಿರಾಕಿ ಇಲ್ಲದಾಗ ಬ್ರೌಸರಿನಲ್ಲಿ 192.168.0.1 ತೆಗೆದು ಒಳಗೆ ಹೋದ್ವಿ. CPU Load 58%, Memory Usage 71%. "ನೋಡ್ರಿ, ಸುಮ್ನ ಕುಂತಾಗನೂ ಇಷ್ಟು ಐತಿ" ಅಂದ್ರು ಕಾಕಾ. ಇಲ್ಲೇ ಮೊದಲ ಮೋಸ ಇರೋದು. ಲಾಗಿನ್ ಪರೀಕ್ಷಿಸೋದು, ಪುಟ ತಯಾರಿಸಿ ಕಳಿಸೋದು ಎಲ್ಲಾ ಅದೇ ಸಣ್ಣ ಪ್ರೊಸೆಸರಿನ ಕೆಲಸ. ನಾವು ಒಳಗೆ ಹೋದದ್ದೇ ಅದಕ್ಕೊಂದು ಭಾರ. ಅರ್ಧ ನಿಮಿಷ ಏನೂ ಮುಟ್ಟದೆ ಕೂತ್ವಿ. ಸಿಪಿಯು 7%ಕ್ಕೆ ಇಳಿಯಿತು. ಮೊದಲು ಕಂಡ ಅಂಕಿಯನ್ನು ಬಿಟ್ಟು, ನಿಂತ ಮೇಲಿನ ಅಂಕಿಯನ್ನೇ ಓದಬೇಕು.

ಮೆಮೊರಿ ಮಾತ್ರ 71%ರಲ್ಲೇ ಇತ್ತು. ಅದು ಹೆದರೋ ವಿಷಯ ಅಲ್ಲ. ಇಂಥ ರೌಟರುಗಳಲ್ಲಿ ಹೆಚ್ಚಿನವು ಲಿನಕ್ಸ್ ಮೇಲೆ ನಡೀತವೆ. ಮೆಮೊರಿಯೇ ಕಡಿಮೆ, ಅದರಲ್ಲಿ ದೊಡ್ಡ ಪಾಲನ್ನು ಫರ್ಮ್‌ವೇರ್ ಮೊದಲೇ ಹಿಡಿದಿರುತ್ತೆ. ಉಳಿದದ್ದರಲ್ಲೂ ಸ್ವಲ್ಪವನ್ನು ಲಿನಕ್ಸ್ ಕ್ಯಾಶ್ ಅಂತ ಬಳಸುತ್ತೆ, ಬೇಕಾದಾಗ ಬಿಟ್ಟುಕೊಡುತ್ತೆ. ಹಾಗಾಗಿ ಒಂದು ದಿನದ ಅಂಕಿಗೆ ಅರ್ಥ ಇಲ್ಲ, ಅದು ಎತ್ತ ಹೊರಟಿದೆ ಅನ್ನೋದು ಮುಖ್ಯ. ಸಂಜೆ ನೋಡಿದಾಗ 73% ಇತ್ತು, ಮರುದಿನ ಬೆಳಿಗ್ಗೆ 71%. ಅಂದ್ರೆ ಸರಿ ಇದೆ. ಅದೇ 71, 78, 86 ಅಂತ ದಿನಾ ಏರಿ, ರೀಸ್ಟಾರ್ಟ್ ಮಾಡಿದಾಗ ಮಾತ್ರ ಇಳಿದು, ಮತ್ತೆ ಏರಿದ್ರೆ ಮೆಮೊರಿ ಎಲ್ಲೋ ಸೋರುತ್ತಿದೆ. ಫರ್ಮ್‌ವೇರ್ ಅಪ್‌ಡೇಟ್ ನೋಡಬೇಕು.

ಸಂಜೆ ಏಳಕ್ಕೆ ಸಾಲು ಬಂತು. ಸಿಪಿಯು 97, 99, 100, ಇಳಿಯಲೇ ಇಲ್ಲ. ಆದ್ರೂ ಒಂದೇ ಅಂಕಿ ನಂಬಬಾರದು ಅಂತ, ಕೇಬಲ್ ಹಾಕಿದ ಕಂಪ್ಯೂಟರಿನಿಂದ ಎರಡು ಪಿಂಗ್ ಕೊಟ್ವಿ:

```
ping 192.168.0.1
ping 8.8.8.8
```

ಮೊದಲನೆಯದು ಅಂಗಡಿಯೊಳಗಿನ ರೌಟರಿಗೇ ಹೋಗಿ ಬರೋದು. ಕೇಬಲಿನಲ್ಲಿ ಅದಕ್ಕೆ ಒಂದು ಮಿಲಿಸೆಕೆಂಡೂ ಬೇಕಿಲ್ಲ. ಬೆಳಿಗ್ಗೆ ಹಾಗೇ ಇತ್ತು. ಸಂಜೆ 40ರಿಂದ 80 ಮಿಲಿಸೆಕೆಂಡು. ಎರಡು ಮಾರು ದೂರದ ಡಬ್ಬಿಯೇ ಉತ್ತರ ಕೊಡೋಕೆ ತಡ ಮಾಡ್ತಿದೆ ಅಂದ್ರೆ ತಪ್ಪು ಹೊರಗಿನ ಲೈನಿಂದಲ್ಲ. ಸಿಪಿಯು ತುಂಬಿರಬೇಕು, ಅದೇ ಹೊತ್ತಿಗೆ ರೌಟರಿನ ಪಿಂಗೂ ಏರಬೇಕು; ಎರಡೂ ಕೂಡಿದಾಗ ಮಾತ್ರ ರೌಟರಿಗೆ ಭಾರ ಆಗಿದೆ ಅನ್ನಬಹುದು.

ಭಾರ ಯಾಕೆ ಆಯಿತು? ಸೆಟ್ಟಿಂಗ್ ಹುಡುಕಿದಾಗ Bandwidth Control ಆನ್ ಇತ್ತು. ಗಿರಾಕಿಗಳು ಅಂಗಡಿ ವೈಫೈ ಹಿಡಿದು ರೀಲ್ಸ್ ನೋಡ್ತಾರೆ, ಅವರಿಗೆ ಮಿತಿ ಇರಲಿ ಅಂತ ಕಾಕಾನೇ ಹಚ್ಚಿದ್ದು. ಸಾಮಾನ್ಯವಾಗಿ ಒಂದು ಸಂಪರ್ಕದ ಮೊದಲ ಕೆಲವು ಪ್ಯಾಕೆಟ್ ಅಷ್ಟೇ ಪ್ರೊಸೆಸರ್ ನೋಡುತ್ತೆ. ಆಮೇಲಿನವನ್ನು ಬೇರೆ ಹಾರ್ಡ್‌ವೇರ್ ಭಾಗವೇ ದಾಟಿಸುತ್ತೆ. ಆದ್ರೆ ಯಾರಿಗೆ ಎಷ್ಟು ಅಂತ ಅಳೆದು ಕೊಡಬೇಕಾದ್ರೆ ಒಂದೊಂದು ಪ್ಯಾಕೆಟ್ಟೂ ಪ್ರೊಸೆಸರ್ ಮುಂದೆ ಹಾಯಬೇಕು. ಅಗ್ಗದ ಎಷ್ಟೋ ರೌಟರುಗಳಲ್ಲಿ ಇದನ್ನು ಆನ್ ಮಾಡಿದ್ರೆ ಆ ಅಡ್ಡದಾರಿ ಮುಚ್ಚುತ್ತೆ. 50ರ ಪ್ಲಾನ್ ಇದ್ದಾಗ ಪ್ರೊಸೆಸರ್ ಹೇಗೋ ತಾಳಿಕೊಂಡಿತ್ತು. 150 ಬಂದಾಗ ಕೈಚೆಲ್ಲಿತು.

ಪರೀಕ್ಷೆ ಸುಲಭ. ಆನ್ ಇದ್ದಾಗ ಸ್ಪೀಡ್ 61, ಸಿಪಿಯು 99%. ಆಫ್ ಮಾಡಿದ್ವಿ: ಸ್ಪೀಡ್ 142, ಸಿಪಿಯು 20%ರ ಆಸುಪಾಸು, ರೌಟರಿನ ಪಿಂಗ್ ಮತ್ತೆ ಒಂದರೊಳಗೆ. ಬೇರೆ ಏನನ್ನೂ ಮುಟ್ಟಿರಲಿಲ್ಲ. ರೀಲ್ಸಿನವರಿಗೆ ಉಪಾಯ ಅಂತ ವೈಫೈ ಪಾಸ್‌ವರ್ಡ್ ಬದಲಿಸಿದ್ವಿ. ಕಾಕಾನ ಮೂರು ಸಾವಿರ ಉಳೀತು. ಆಫ್ ಮಾಡಿದ ಮೇಲೂ ಸಿಪಿಯು 100ರಲ್ಲೇ ಇದ್ದಿದ್ರೆ ಮಾತ್ರ ಹೊಸ ರೌಟರ್ ತರೋದು ಸರಿ ಅನ್ನುತ್ತಿದ್ವಿ.

ಉಳಿದ ಎರಡೂರಿನ ಕಥೆ ಚಿಕ್ಕದು. ಹುಕ್ಕೇರಿಯ ಮನೆಯಲ್ಲಿ ಸಿಪಿಯು 6%, ಕೇಬಲಿನಲ್ಲಿ ರೌಟರಿನ ಪಿಂಗ್ ಒಂದರೊಳಗೆ. ಆದ್ರೆ ಕಲ್ಲಿನ ಗೋಡೆಯಾಚೆಯ ಕೋಣೆಯಲ್ಲಿ ವೈಫೈ ಮೇಲೆ 90. ಅಲ್ಲಿ ದೋಷ ವೈಫೈ ಸಿಗ್ನಲ್ಲಿನದ್ದು, ರೌಟರನ್ನು ನಡುಮನೆಗೆ ತಂದಿಟ್ಟಾಗ ಸರಿ ಆಯಿತು. ಗೋಕಾಕದಲ್ಲಿ ಸಿಪಿಯು 12%, ರೌಟರಿನ ಪಿಂಗೂ ಸರಿ, 8.8.8.8ಕ್ಕೆ ಮಾತ್ರ 300 ದಾಟಿತ್ತು. ಮನೆಯ ಎಲ್ಲಾ ಮೊಬೈಲ್ ಬಂದ್ ಮಾಡಿದ್ರೂ ಇಳಿಯಲಿಲ್ಲ. ಅದು ನಿಜಕ್ಕೂ ಲೈನಿನ ತೊಂದರೆ. ಅಲ್ಲಿ ದೂರು ಕೊಡಲೇಬೇಕಿತ್ತು, ಕೊಟ್ವಿ.

ನಮ್ಮ ಸೀಮೆಯವರಿಗೆ ಇದು ಹೊಸ ಲೆಕ್ಕ ಅಲ್ಲ. ಹೊಲಕ್ಕೆ ನೀರು ಬರಲಿಲ್ಲ ಅಂದ್ರೆ ಹಿಡಕಲ್ ಡ್ಯಾಮಿನಲ್ಲಿ ನೀರಿಲ್ಲವೋ, ಧೂಪದಾಳದಿಂದ ಕಾಲುವೆಗೆ ಬಿಟ್ಟಿಲ್ಲವೋ, ನಮ್ಮ ಹೊಲದ ಗೇಟಿಗೇ ಕಸ ಸಿಕ್ಕಿದೆಯೋ ಅಂತ ನೋಡದೆ ಯಾರೂ ಜಗಳಕ್ಕೆ ಹೋಗೋದಿಲ್ಲ. ನೆಟ್ ವಿಷಯದಲ್ಲಿ ಮಾತ್ರ ನೋಡದೇ ಹೋಗ್ತೀವಿ.

ಈ ಪುಟಕ್ಕೂ ಮಿತಿ ಇದೆ. ಪ್ರೊಸೆಸರಿನಲ್ಲಿ ಎರಡು ಕೋರ್ ಇದ್ದು ಪುಟ ಸರಾಸರಿ ತೋರಿಸಿದ್ರೆ, ಒಂದು ಕೋರ್ ಪೂರ್ತಿ ಸಿಕ್ಕಿಹಾಕಿಕೊಂಡಾಗಲೂ 50% ಅಂತಲೇ ಕಾಣುತ್ತೆ. ಅಂಥಲ್ಲಿ ಪಿಂಗೇ ನಿಜ ಹೇಳೋದು. ಇನ್ನು ಕಂಪನಿಯವರು ಕೊಟ್ಟ ಕೆಲವು ರೌಟರುಗಳಲ್ಲಿ ಈ ಅಂಕಿಗಳೇ ಕಾಣೋದಿಲ್ಲ, ಅಥವಾ ಪಾಸ್‌ವರ್ಡ್ ಗಿರಾಕಿಗೆ ಕೊಡೋದಿಲ್ಲ. ಇದಕ್ಕೆ ನಮ್ಮ ತಕರಾರು ಇದೆ. ತಿಂಗಳಾ ದುಡ್ಡು ಕೊಡೋರಿಗೆ ತಮ್ಮ ಮನೆಯ ಡಬ್ಬಿಯ ಸ್ಥಿತಿ ನೋಡೋ ಹಕ್ಕು ಇರಬೇಕು. ಸೆಟ್ಟಿಂಗ್ ಬದಲಿಸೋಕೆ ಬಿಡದಿದ್ರೂ ಪರವಾಗಿಲ್ಲ, ಓದೋಕೆ ಬಿಡ್ರಿ.

ಕಾಕಾ ಈಗ ರೌಟರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದಾರೆ: ಬೆಳಿಗ್ಗೆ 7%, 71%. ಸಂಜೆ ಯಾರಾದ್ರೂ "ನೆಟ್ ಸ್ಲೋ ಐತ್ರಿ" ಅಂದ್ರೆ, ಪ್ಲಗ್ಗಿಗೆ ಕೈ ಹಾಕೋ ಮೊದಲು ಅದನ್ನು ನೋಡ್ತಾರೆ.